ಬಂಪರ್ ಬಿಚ್ಚುವ ಮುನ್ನ ನಾಲ್ಕು ಮೂಲೆ

ಪಾರ್ಕಿಂಗ್ ಕಂಬಕ್ಕೆ ತಾಗಿ ಕಾರಿನ ಮುಂದಿನ ಎಡಮೂಲೆ ನಜ್ಜಾಗಿದೆ ಎನ್ನೋಣ. ಇಂಥ ಸಣ್ಣ ನಷ್ಟಕ್ಕೆ ಈಗ ಹಲವು ವಿಮಾ ಕಂಪನಿಗಳು ಸರ್ವೇಯರ್ ಕಳಿಸುವ ಬದಲು ಆ್ಯಪ್‌ನಲ್ಲೇ ಫೋಟೊ ಕೇಳುತ್ತವೆ. ಸಾಮಾನ್ಯವಾಗಿ ಗ್ಯಾಲರಿಯ ಹಳೆಯ ಚಿತ್ರ ನಡೆಯದು. ಆ್ಯಪ್‌ನ ಕ್ಯಾಮೆರಾದಲ್ಲೇ ತೆಗೆಯಬೇಕು.

ಮೊದಲು ನಾಲ್ಕೂ ಮೂಲೆಗಳಿಂದ ಓರೆಯಾಗಿ ನಿಂತು, ಇಡೀ ಕಾರು ಚೌಕಟ್ಟಿನೊಳಗೆ ಬರುವಂತೆ ತೆಗೆಯಿರಿ. ಮುಂದಿನ, ಹಿಂದಿನ ನಂಬರ್ ಪ್ಲೇಟ್ ಓದುವಂತಿರಲಿ. ಆಮೇಲೆ ಪೆಟ್ಟಾದ ಜಾಗ. ಮೂರ್ನಾಲ್ಕು ಅಡಿ ದೂರದಿಂದ ಬಂಪರ್, ಹೆಡ್‌ಲೈಟ್, ಫೆಂಡರ್ ಒಟ್ಟಿಗೆ ಕಾಣುವ ಒಂದು ಚಿತ್ರ ಬೇಕೇ ಬೇಕು. ಬರೀ ಗೀರಿನ ಹತ್ತಿರದ ಫೋಟೊ ಇದ್ದರೆ ಅದು ಯಾವ ಕಾರಿನ ಯಾವ ಭಾಗವೆಂದೇ ತಿಳಿಯದು. ನಂತರ ಹತ್ತಿರದಿಂದ ತೆಗೆಯಿರಿ. ತಗ್ಗು ನೇರ ನೋಟಕ್ಕೆ ಅಡಗುತ್ತದೆ. ಪಕ್ಕದಿಂದ ಓರೆಯಾಗಿ ನೋಡಿದರೆ ಬೆಳಕು ವಕ್ರವಾಗಿ ಮುರಿದು ಆಳ ಕಾಣುತ್ತದೆ. ಫ್ಲ್ಯಾಶ್ ಬೇಡ, ಅದರ ಹೊಳಪು ಪೆಟ್ಟನ್ನೇ ನುಂಗಿಬಿಡುತ್ತದೆ.

ಇಗ್ನಿಷನ್ ಆನ್ ಮಾಡಿ ಓಡೋಮೀಟರ್, ಜೊತೆಗೆ ಚಾಸಿ ನಂಬರ್, ಆರ್‌ಸಿ, ಚಾಲಕನ ಲೈಸೆನ್ಸ್ ತೆಗೆಯಿರಿ. ಹಳೆಯ ಗೀರುಗಳಿದ್ದರೆ ಈ ಅಪಘಾತಕ್ಕೆ ಸೇರಿಸಬೇಡಿ. ತುಕ್ಕು, ಒಣಗಿದ ಧೂಳು ಅವುಗಳ ವಯಸ್ಸು ಹೇಳುತ್ತವೆ, ಇಡೀ ಕ್ಲೇಮ್ ಮೇಲೆ ಅನುಮಾನ ಬರುತ್ತದೆ.

ಬಂಪರ್ ಹಿಂದೆ ಬ್ರಾಕೆಟ್ ಮುರಿದಿದ್ದರೆ ಹೊರಗಿನ ಫೋಟೊದಲ್ಲಿ ಕಾಣದು. ಗ್ಯಾರೇಜಿನವರು ಬಿಚ್ಚಿದಾಗ ಹೊಸ ಫೋಟೊ, ಪೂರಕ ಎಸ್ಟಿಮೇಟ್ ಕಳಿಸಬೇಕು. ಕಂಪನಿಯ ಒಪ್ಪಿಗೆ ಬರುವವರೆಗೆ ರಿಪೇರಿ ಶುರುಮಾಡಿಸಬೇಡಿ, ಮುರಿದ ಭಾಗಗಳನ್ನೂ ಎಸೆಯಬೇಡಿ.