ನಿಮಗಿದು ಗೊತ್ತೆ? ಹುಡುಕಾಟದ ಒಂದು ಚಿಹ್ನೆ ಹೆಚ್ಚಿಸುವ ಕೆಲಸ

ಲೂಸೀನ್‌ನಂಥ ಹುಡುಕು ತಂತ್ರಾಂಶವು ಪ್ರತಿ ಸಲವೂ ದಾಖಲೆಗಳನ್ನೆಲ್ಲ ಓದುವುದಿಲ್ಲ. ಅಕಾರಾದಿಯಾಗಿ ಜೋಡಿಸಿದ ಪದಪಟ್ಟಿ ಅದರ ಬಳಿ ಇರುತ್ತದೆ. ಪ್ರತಿ ಪದದ ಜೊತೆ ಅದು ಬರುವ ದಾಖಲೆಗಳ ಸಂಖ್ಯೆಗಳಿರುತ್ತವೆ. ಚಿಹ್ನೆ ಬದಲಾದಂತೆ ಈ ಪಟ್ಟಿಯಲ್ಲಿ ನೋಡಬೇಕಾದ ಭಾಗವೂ ಬದಲಾಗುತ್ತದೆ.

```
ಬೊಮ್ಮ*
*ಹಳ್ಳಿ
ಬೊಮ್ಮನಹಳ್ಳಿ~2
```

● ಮೊದಲನೆಯದು ಅಗ್ಗ. ಬೊಮ್ಮನಹಳ್ಳಿ, ಬೊಮ್ಮಸಂದ್ರ ಪಟ್ಟಿಯಲ್ಲಿ ಒಂದೇ ಕಡೆ ಸಿಗುತ್ತವೆ. ಎರಡನೆಯದು ದುಬಾರಿ. ಪದದ ಆರಂಭವೇ ತಿಳಿಯದ ಕಾರಣ ಇಡೀ ಪಟ್ಟಿಯನ್ನು ತಡಕಬೇಕು. ಪದಗಳನ್ನು ತಿರುವುಮುರುವಾಗಿಯೂ ಸೂಚಿಯಲ್ಲಿ ಇಟ್ಟರೆ ಈ ಹೊರೆ ಇಳಿಯುತ್ತದೆ. ಆದರೆ ಸೂಚಿ ದೊಡ್ಡದಾಗುತ್ತದೆ.

● `~2` ಎಂದರೆ ಎರಡು ಸಂಕೇತಗಳವರೆಗಿನ ತಪ್ಪಿಗೆ ಅವಕಾಶ. ಲೂಸೀನ್‌ನಲ್ಲಿ ಇದೇ ಗರಿಷ್ಠ ಮಿತಿ. ‘ಬೊಮನಹಳ್ಳಿ’ ಎಂದು ಒತ್ತಕ್ಷರ ಬಿಟ್ಟರೆ ಕಣ್ಣಿಗೆ ಒಂದೇ ತಪ್ಪು. ಯೂನಿಕೋಡ್‌ನಲ್ಲಿ ಹಲಂತ ಮತ್ತು ‘ಮ’ ಸೇರಿ ಎರಡು ಸಂಕೇತ ಬಿಟ್ಟಂತೆ, ಹಾಗಾಗಿ `~1` ಸಾಲದು. ಮಿತಿ ಹೆಚ್ಚಿದಷ್ಟೂ ಪರೀಕ್ಷಿಸಬೇಕಾದ ಪದಗಳು ಹೆಚ್ಚುತ್ತವೆ. ಮೊದಲ ಕೆಲವು ಸಂಕೇತಗಳು ಸರಿಯಿರಲೇಬೇಕು ಎಂದು ವಿಧಿಸಿದರೆ ವೆಚ್ಚ ತಗ್ಗುತ್ತದೆ.

● ‘ಬೆಂಗಳೂರು AND ಬೊಮ್ಮನಹಳ್ಳಿ’ ಎಂದಾಗ ದಾಖಲೆಗಳ ಪಟ್ಟಿ ಚಿಕ್ಕದಾದ ಬೊಮ್ಮನಹಳ್ಳಿಯಿಂದ ಕೆಲಸ ಆರಂಭವಾಗಿ, ದೊಡ್ಡ ಪಟ್ಟಿಯ ಬಹುಭಾಗವನ್ನು ಹಾರಿ ದಾಟಬಹುದು. OR ಬಳಸಿದರೆ ಸಾಮಾನ್ಯವಾಗಿ ಎರಡೂ ಪಟ್ಟಿಗಳನ್ನು ಓದಬೇಕು. NOT ತನ್ನ ಪದವಿರುವ ದಾಖಲೆಗಳನ್ನು ಮತ್ತೊಂದು ಪದದ ಫಲಿತಾಂಶದಿಂದ ಕಳೆಯುತ್ತದೆ. ‘ಬೊಮ್ಮನಹಳ್ಳಿ ಇಲ್ಲದ್ದು’ ಎಂದಷ್ಟೇ ಕೇಳಿದರೆ ಎಲ್ಲ ದಾಖಲೆಗಳನ್ನೂ ಎಣಿಸಿ ಕಳೆಯಬೇಕಾಗುತ್ತದೆ.