ಹಿಮ್ಮೈ ತೋರಿಸುವ ಅಂಗಡಿ

ಧಾರವಾಡದ ದರ್ಜಿಯೊಬ್ಬರ ಮಗಳು ಆನ್‌ಲೈನಿನಲ್ಲಿ ಕಸೂತಿ ಅಂಗಡಿ ತೆರೆದು ಈ ವಾರಕ್ಕೆ ಒಂದು ವರ್ಷ. ನನ್ನನ್ನು ಅಲ್ಲಿಗೆ ಎಳೆದದ್ದು ಆ ಅಂಗಡಿಯ ಫೋಟೊಗಳು. ಎಲ್ಲರೂ ಬಟ್ಟೆಯ ಮುಮ್ಮೈ ತೋರಿಸಿದರೆ, ಈಕೆ ಮೊದಲು ಹಿಮ್ಮೈ ತೋರಿಸುತ್ತಾಳೆ.

"ಅಪ್ಪಗ ಯಾವ ಅಂಗಿ ಕೊಟ್ರೂ ಮೊದಲ ತಿರುವಿ ನೋಡ್ತಾರ್ರಿ. ನನ್ನ ಮೊದಲನೇ ಗಿರಾಕಿನೂ ಹಿಂದಿನ ಫೋಟೊನ ಕೇಳಿದ್ರು. ಅವತ್ತಿಂದ ಇದ ರೂಢಿ ಆತು."

ಕೈ ಮತ್ತು ಸೂತಿ, ಅಂದರೆ ಹತ್ತಿ ನೂಲು, ಸೇರಿ ಕಸೂತಿ ಆಯಿತು ಎನ್ನುತ್ತಾರೆ. ಇಳಕಲ್ ಸೀರೆಯ ಸೆರಗಿನ ಮೇಲೂ ಮದುವಣಗಿತ್ತಿಯ ಕಪ್ಪು ಚಂದ್ರಕಾಳಿ ಸೀರೆಯ ಮೇಲೂ ಗೋಪುರ, ರಥ, ತುಳಸಿ ಕಟ್ಟೆಗಳು ಎದ್ದದ್ದು ಹೀಗೆ. ಗವಂತಿ, ಮುರ್ಗಿ, ನೇಯ್ಗಿ, ಮೆಂಥೆ ಎಂದು ಹೊಲಿಗೆ ನಾಲ್ಕು. ಎರಡೂ ಮೈ ಒಂದೇ ಆಗಿ ಕಾಣುವುದು ಮೊದಲೆರಡರಲ್ಲಿ ಮಾತ್ರ.

ಗವಂತಿಯನ್ನು ಆಕೆ ನನ್ನೆದುರೇ ಹಾಕಿದಳು. ಬಟ್ಟೆಯ ಮೇಲೆ ಗೆರೆ ಇಲ್ಲ, ಅಚ್ಚಿಲ್ಲ. ನಾಲ್ಕು ಎಳೆ ಎಣಿಸಿ ಸೂಜಿ ಮೇಲೆ, ಮತ್ತೆ ನಾಲ್ಕು ಎಣಿಸಿ ಕೆಳಗೆ. ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಗೋಪುರದ ಕೊಂಬೆ ಬಂದಾಗ ಅದರ ತುದಿ ಮುಟ್ಟಿ ಅದೇ ದಾರಿಯಲ್ಲಿ ಬುಡಕ್ಕೆ ಮರಳಿ ಮುಂದೆ ಸಾಗಬೇಕು. ಮರೆತು ಮುಂದೆ ಹೋದರೆ ಅಲ್ಲಿಗೆ ಮತ್ತೆ ತಲುಪಲು ದಾರ ಹಿಂಬದಿಯಲ್ಲಿ ಅಡ್ಡಾಡುತ್ತದೆ. ಮಧ್ಯೆ ಎಲ್ಲೋ ಒಂದೆಳೆ ಹೆಚ್ಚು ಎಣಿಸಿದರೆ ಸುತ್ತಿ ಬಂದ ಗೆರೆ ಹೊರಟ ಜಾಗಕ್ಕೆ ಕೂಡುವುದೇ ಇಲ್ಲ. ಆಗ ಬಿಚ್ಚಬೇಕು, ಬೇರೆ ಉಪಾಯವಿಲ್ಲ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹಾಕಿದ ಹೊಲಿಗೆಗಳಲ್ಲೇ ಅಡಗಿಸಬೇಕು. ನೂಲು ಕಣ್ಣಿಗೆ ಸಿಗದಷ್ಟು ನಯವಾದ ರೇಷ್ಮೆಯಾದರೆ ಮೇಲೆ ಜಾಳಿಗೆಯ ಕ್ಯಾನ್ವಾಸು ಟಾಕಿ ಅದರ ಮೇಲೆ ಎಣಿಸುತ್ತಾರೆ. ಕೆಲಸ ಮುಗಿದ ಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಕುಪ್ಪಸದ ಬಟ್ಟೆಗೆ ಅಪ್ಪ ಮೊದಲು ಅಳತೆಯ ಗುರುತು ಹಾಕಿಕೊಡುತ್ತಾರೆ, ಕತ್ತರಿ ಆಡಿಸುವುದಿಲ್ಲ. ಕಸೂತಿ ಮುಗಿದ ಮೇಲೇ ಕತ್ತರಿ. ಮೊದಲೇ ಕತ್ತರಿಸಿದರೆ ಅಂಚು ಬಿಚ್ಚಿಕೊಂಡು ಎಣಿಕೆಗೆ ಎಳೆಯೇ ಉಳಿಯುವುದಿಲ್ಲ.

ಪೇಟೆಯಲ್ಲಿ ಯಂತ್ರದ 'ಕಸೂತಿ' ಕೈಕಸೂತಿಯ ಬೆಲೆಯ ತೀರಾ ಸಣ್ಣ ಪಾಲಿಗೆ ಸಿಗುತ್ತದೆ. ತಿರುವಿ ನೋಡಿದರೆ ಸಾಮಾನ್ಯವಾಗಿ ಬಾಬಿನ್ನಿನ ಬಿಳಿ ದಾರ ಕಾಣುತ್ತದೆ, ಕೆಲವೊಮ್ಮೆ ಅಂಟಿಸಿದ ಕಾಗದವೂ. ಹಿಮ್ಮೈಯ ಫೋಟೊ ಕೇಳಿದ ಆ ಮೊದಲ ಗಿರಾಕಿ ಇಷ್ಟನ್ನೂ ತಿಳಿದಿದ್ದರೇನೋ.

ಮೊದಲ ವರ್ಷ ಕೊಂಡವರಿಗೆಲ್ಲ ಅಂಗೈಯಗಲದ ಬಟ್ಟೆಯಲ್ಲಿ ಒಂದೊಂದು ತುಳಸಿ ಕಟ್ಟೆ ಹೊಲಿದು ಕಳಿಸುತ್ತಿದ್ದಾಳೆ. ಅವೆಲ್ಲ ಮೊದಲು ಹೋಗುವುದು ಓಣಿಯ ಅಜ್ಜಿಯ ಕೈಗೆ. ಇವಳಿಗೆ ಕಸೂತಿ ಕಲಿಸಿದವರು ಅವರು. ಈಗ ಅವರಿಗೆ ಎಳೆ ಕಾಣುವುದಿಲ್ಲ. ಹಿಮ್ಮೈ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ನಾನಿದ್ದಾಗ ಒಂದರ ಮೇಲೆ ಬೆರಳು ನಿಂತಿತು.

"ಇದು ಬ್ಯಾಡವಾ, ಗಂಟೈತಿ."

ಆಕೆ ಸೂಜಿ ತೆಗೆದುಕೊಂಡು ಬಿಚ್ಚತೊಡಗಿದಳು.