ನಿಮಗಿದು ಗೊತ್ತೆ? ಮಾತ್ರೆಗೂ ಮೂರ್ಛೆ ನಿಲ್ಲದಿದ್ದರೆ

ಸರಿಯಾಗಿ ಆರಿಸಿದ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟರೂ ಮೂರ್ಛೆ ನಿಲ್ಲದಿದ್ದರೆ, ಮೂರನೆಯದರಿಂದ ನಿಲ್ಲುವ ಸಾಧ್ಯತೆ ಕಡಿಮೆ. ಶಸ್ತ್ರಚಿಕಿತ್ಸೆ ಆದೀತೇ ಎಂದು ಆಗಲೇ ಕೇಳಬೇಕು. ವರ್ಷಗಟ್ಟಲೆ ಕಾಯುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ಶಸ್ತ್ರಚಿಕಿತ್ಸೆ ಆಗಬೇಕಾದರೆ ಎಂಆರ್‌ಐ ಮತ್ತು ವಿಡಿಯೊ ಇಇಜಿ ಎರಡೂ ಮೂರ್ಛೆಯ ಮೂಲವಾಗಿ ಮಿದುಳಿನ ಒಂದೇ ಜಾಗವನ್ನು ತೋರಿಸಬೇಕು. ಅದನ್ನು ತೆಗೆದರೂ ಮಾತು, ನೆನಪು, ಕೈಕಾಲಿನ ಶಕ್ತಿ ಉಳಿಯುವಂತಿರಬೇಕು.

ಶಸ್ತ್ರಚಿಕಿತ್ಸೆ ಆಗದ ಮಕ್ಕಳಿಗೆ ಕೀಟೋಜೆನಿಕ್ ಆಹಾರವಿದೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಸೂಚಿಸಿದ ಕ್ರಮವಿದು. ಇದರ ಕಟ್ಟುನಿಟ್ಟಿನ ರೂಪದಲ್ಲಿ ನಾಲ್ಕು ಪಾಲು ಕೊಬ್ಬಿಗೆ ಪ್ರೋಟೀನು, ಪಿಷ್ಟ ಎರಡೂ ಸೇರಿ ಒಂದೇ ಪಾಲು. ದಿನಕ್ಕೆ 1000 ಕ್ಯಾಲೊರಿ ಬೇಕಾದ ಮಗುವಿಗೆ 100 ಗ್ರಾಂ ಕೊಬ್ಬು, ಉಳಿದದ್ದು 25 ಗ್ರಾಂ. ಅದರಲ್ಲಿ 15 ಗ್ರಾಂ ಪ್ರೋಟೀನಿಗೆ ಹೋದರೆ ಪಿಷ್ಟಕ್ಕೆ 10 ಗ್ರಾಂ ಮಾತ್ರ. ಒಂದು ರಾಗಿಮುದ್ದೆಯೇ ಇದನ್ನು ಮೀರುತ್ತದೆ. ಸಕ್ಕರೆಯಿರುವ ಕೆಮ್ಮಿನ ಸಿರಪ್ಪೂ ಲೆಕ್ಕ ಕೆಡಿಸುತ್ತದೆ. ಕೊಬ್ಬನ್ನು ಅರಗಿಸಲಾಗದ ಕೆಲವು ಹುಟ್ಟುದೋಷಗಳಿದ್ದರೆ ಇದು ಅಪಾಯಕಾರಿ, ಮೊದಲು ರಕ್ತಪರೀಕ್ಷೆ ಆಗಲೇಬೇಕು. ಹಾಗಾಗಿ ವೈದ್ಯರೂ ಆಹಾರತಜ್ಞರೂ ಜೊತೆಗಿಲ್ಲದೆ ಮನೆಯಲ್ಲೇ ಶುರುಮಾಡಬೇಡಿ. ನಡೆಯುತ್ತಿರುವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ.